ಹಳೇ ಪ್ರತಿ ಕೈಗೆ ಬಂದ ಮೇಲೇ ಹೊಸ ಪ್ರತಿ

ಪ್ರಶ್ನೆ: ಸರ್, ಗಂಗಾವತಿ ಹತ್ತಿರ ಒಂದು ರೈಸ್ ಮಿಲ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಬಾಯಿಲ್ಡ್ ಅಕ್ಕಿ ಮಾಡುತ್ತೇವೆ. ನವೆಂಬರ್‌ನಲ್ಲಿ ಡ್ರೈಯರ್ ಹೇಗೆ ನಡೆಸಬೇಕು ಅನ್ನುವ ಕಾಗದ, ಅಂದರೆ ಎಸ್‌ಒಪಿ ಬದಲಿಸಿ ರಿವಿಜನ್ 03 ಮಾಡಿದೆವು. ತೇವಾಂಶ ಶೇಕಡಾ 16ಕ್ಕೆ ಇಳಿದಾಗ ಡ್ರೈಯರ್ ನಿಲ್ಲಿಸಿ, ಭತ್ತವನ್ನು ಬಿನ್‌ನಲ್ಲಿ ನಾಲ್ಕು ತಾಸು ಬಿಟ್ಟು, ಆಮೇಲೆ ಎರಡನೇ ಸಲ ಒಣಗಿಸಬೇಕು ಅಂತ ಸೇರಿಸಿದೆವು. ಸಹಿ ಆಗಿದೆ, ಜಾರಿಯಲ್ಲಿರುವ ಕಾಗದಗಳ ಮಾಸ್ಟರ್ ಲಿಸ್ಟ್ ಸರಿ ಇದೆ, ಮೂರೂ ಕಡೆ ಹೊಸ ಕಾಪಿ ಕೊಟ್ಟಿದ್ದೇವೆ. ಆದರೂ ಆಡಿಟ್‌ನಲ್ಲಿ ಪ್ಯಾನಲ್ ಬಾಗಿಲ ಒಳಗೆ ರಿವಿಜನ್ 02 ಸಿಕ್ಕು, ನಿಯಮ ತಪ್ಪಿದೆ ಅಂತ ಎನ್‌ಸಿ ಬಂತು. ನಾವು ಎಲ್ಲಿ ತಪ್ಪಿದೆವು? ಇನ್ನೊಂದು ಮಾತು, ಮಾಲೀಕರು ಹೆಚ್ಚಾಗಿ ಊರಲ್ಲಿ ಇರುವುದಿಲ್ಲ. ಅವರ ಸಹಿ ಸ್ಕ್ಯಾನ್ ಮಾಡಿ ಹಾಕಬಹುದಾ?

ಉತ್ತರ: ನೀವು ಬರೆದಿದ್ದರಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ಮೂರೂ ಕಡೆ ಹೊಸ ಕಾಪಿ ಕೊಟ್ಟಿದ್ದೇವೆ" ಅಂದಿದ್ದೀರಿ. ಮೂರೂ ಕಡೆಯಿಂದ ಹಳೇದನ್ನು ತಂದೆವು ಅಂತ ಎಲ್ಲೂ ಬರೆದಿಲ್ಲ. ನಿಮ್ಮ ತಪ್ಪು ಇರುವುದು ಅಲ್ಲೇ. ಹೊಸದನ್ನು ಕೊಡುವುದು ಅರ್ಧ ಕೆಲಸ, ಹಳೇದನ್ನು ವಾಪಸ್ ತರುವುದು ಉಳಿದ ಅರ್ಧ.

ಗ್ಯಾಸ್ ಸಿಲಿಂಡರ್ ಹೇಗೆ ಬರುತ್ತದೆ ನೋಡಿ. ಖಾಲಿ ಸಿಲಿಂಡರ್ ಹೊರಗೆ ಇಟ್ಟರೆ ಮಾತ್ರ ತುಂಬಿದ್ದು ಒಳಗೆ ಬರುತ್ತದೆ. ನೀವು ನಂಬರು ಹಾಕಿ ಹಂಚುವ ಕಂಟ್ರೋಲ್ಡ್ ಕಾಪಿಗೂ ಇದೇ ಲೆಕ್ಕ ಇಟ್ಟುಕೊಳ್ಳಿ. ಡ್ರೈಯರ್ ಸೂಪರ್‌ವೈಸರ್ ರಿವಿಜನ್ 02ರ ಕಾಪಿಯನ್ನು ನಿಮ್ಮ ಕೈಗೆ ಕೊಡಬೇಕು. ಆಗಲೇ 03 ಅವರ ಕೈಗೆ ಹೋಗಬೇಕು. ಹಳೇದು ಕಳೆದಿದೆ ಅಂದರೆ, ಕಳೆದಿದೆ ಅಂತ ಬರೆದು ಸಹಿ ಮಾಡಿಸಿ. ಆಗ ಎಲ್ಲೋ ಒಂದು ಹಳೇ ಪ್ರತಿ ತಿರುಗುತ್ತಿದೆ ಅನ್ನುವುದಾದರೂ ನಿಮಗೆ ಗೊತ್ತಿರುತ್ತದೆ.

ಇದಕ್ಕೆ ವಿತರಣೆಯ ರಿಜಿಸ್ಟರ್ ಒಂದು ಸಾಕು. ಅದರಲ್ಲಿ ಕಾಪಿ ನಂಬರು, ಯಾವ ಜಾಗ, ಹೊಸ ರಿವಿಜನ್ ಕೊಟ್ಟ ತಾರೀಖು, ಪಡೆದವರ ಸಹಿ ಇರುತ್ತವೆ. ಹೆಚ್ಚಿನ ಮಿಲ್‌ಗಳಲ್ಲಿ ಇಷ್ಟೇ ಕಾಲಂ ನೋಡಿದ್ದೇನೆ. ಇನ್ನೊಂದು ಕಾಲಂ ಬೇಕು: "ಹಳೇ ಪ್ರತಿ ವಾಪಸ್ ಬಂದ ತಾರೀಖು". ಆ ಕಾಲಂ ಖಾಲಿ ಇರುವವರೆಗೆ ಆ ರಿವಿಜನ್‌ನ ಕೆಲಸ ಮುಗಿದಿಲ್ಲ ಅಂತಲೇ ತಿಳಿಯಬೇಕು. ಇನ್ನು, ಕಾಪಿಯನ್ನು ಆಳಿನ ಹೆಸರಿಗೆ ಕೊಡಬೇಡಿ, ಜಾಗದ ಹೆಸರಿಗೆ ಕೊಡಿ. ಸೂಪರ್‌ವೈಸರ್ ಕೆಲಸ ಬಿಟ್ಟು ಕಾರಟಗಿಗೆ ಹೋಗಬಹುದು, ಡ್ರೈಯರ್ ಪ್ಯಾನಲ್ ಎಲ್ಲಿಗೂ ಹೋಗಲ್ಲ ಅಲ್ವಾ.

ಈಗ ಪ್ಯಾನಲ್ ಬಾಗಿಲ ವಿಷಯಕ್ಕೆ ಬರೋಣ. ಅಲ್ಲಿ ಸಿಕ್ಕ ಕಾಗದ ನಿಮ್ಮ ಮೂರು ಕಾಪಿಗಳಲ್ಲಿ ಒಂದಾ, ಇಲ್ಲಾ ಅದರ ಜೆರಾಕ್ಸಾ? ಮೊದಲು ಇದನ್ನು ನೋಡಿ. ಎರಡರ ಕಾರಣ ಬೇರೆ, ಮದ್ದೂ ಬೇರೆ. ನಿಮ್ಮದೇ ಕಾಪಿ ಆಗಿದ್ದರೆ ವಾಪಸ್ ತರುವ ಪದ್ಧತಿ ಇರಲಿಲ್ಲ ಅಂತ ಅರ್ಥ. ಜೆರಾಕ್ಸ್ ಆಗಿದ್ದರೆ ಆ ಜಾಗಕ್ಕೆ ಒಂದು ಕಾಪಿ ಬೇಕಿತ್ತು, ನೀವು ಕೊಟ್ಟಿರಲಿಲ್ಲ, ಹಾಗಾಗಿ ಅವರೇ ಮಾಡಿಕೊಂಡರು ಅಂತ ಅರ್ಥ. ಆಪರೇಟರ್‌ಗೆ ಕೆಲಸ ಮಾಡುವ ಕಡೆ ಕಣ್ಣೆದುರು ಕಾಗದ ಬೇಕು. ನೀವು ಸೂಪರ್‌ವೈಸರ್ ಟೇಬಲ್ ಮೇಲೆ ಫೈಲ್‌ನಲ್ಲಿ ಇಟ್ಟರೆ ರಾತ್ರಿ ಎರಡು ಗಂಟೆಗೆ ಅವನು ಅಲ್ಲಿಗೆ ಹೋಗಿ ಹಾಳೆ ತಿರುವಿ ನೋಡಲ್ಲ.

ಇದನ್ನು ಗುರುತಿಸುವುದು ಸುಲಭ ಆಗಬೇಕು ಅಂದರೆ ಸೀಲಿನ ಇಂಕು ಬಣ್ಣದ್ದಿರಬೇಕು. ನನ್ನ ಪಾಠ ನಾನು ಕಷ್ಟದಿಂದ ಕಲಿತೆ. ಕೆಲಸದ ಮೊದಲ ವರ್ಷಗಳಲ್ಲಿ ಬಳ್ಳಾರಿ ಕಡೆಯ ಒಂದು ಕಾರ್ಖಾನೆಯ ಲ್ಯಾಬ್‌ನಲ್ಲಿದ್ದೆ. ಅಲ್ಲಿ ಕಂಟ್ರೋಲ್ಡ್ ಕಾಪಿಗೆ ನಾನು ಕಪ್ಪು ಇಂಕಿನ ಸೀಲು ಹಾಕುತ್ತಿದ್ದೆ. ಅದಿರಿನ ಸ್ಯಾಂಪಲ್ ತೆಗೆಯುವ ವಿಧಾನ ಬದಲಾಯಿತು. ಲಿಸ್ಟ್‌ನಲ್ಲಿದ್ದ ನಾಲ್ಕೂ ಕಾಪಿ ವಾಪಸ್ ತಂದೆ. ಎರಡು ತಿಂಗಳಾದ ಮೇಲೆ ಐದನೇದು ಸಿಕ್ಕಿತು. ಸೀಲು, ಸಹಿ, ಕಾಪಿ ನಂಬರು ಎಲ್ಲಾ ಇತ್ತು. ಜೆರಾಕ್ಸಿನಲ್ಲಿ ಕಪ್ಪು ಸೀಲು ಅಸಲಿನ ಹಾಗೇ ಬಂದಿತ್ತು. ಅದನ್ನು ಬಳಸುತ್ತಿದ್ದ ಹುಡುಗ "ಸೀಲ್ ಐತಲ್ರೀ ಸರ್" ಅಂದ. ಅವನ ಮಾತು ಸರಿಯಾಗೇ ಇತ್ತು. ಅವತ್ತಿನಿಂದ ನಾನು ಹೋದ ಕಡೆಯೆಲ್ಲ ಕೆಂಪು ಇಂಕು ಬಳಸಿದ್ದೇನೆ. ಸೀಲು ಕೆಂಪಾಗಿದ್ದರೆ ಅಸಲು, ಕಪ್ಪಾಗಿದ್ದರೆ ಜೆರಾಕ್ಸ್. ಓದಲು ಬಾರದವರೂ ಹೇಳಬಲ್ಲರು. ಕಲರ್ ಜೆರಾಕ್ಸ್ ಇರುವ ಕಡೆ ಇದೊಂದೇ ಸಾಲದು. ಆಗ ಸೀಲಿನ ಮೇಲೆ ಪೆನ್ನಿನಿಂದ ಚಿಕ್ಕ ಸಹಿ ಮಾಡಿ, ಹಿಂದಿನಿಂದ ಬೆರಳಾಡಿಸಿದರೆ ಪೆನ್ನು ಒತ್ತಿದ ಗುರುತು ಸಿಗುತ್ತದೆ.

ನಂಬರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ನಿಮ್ಮ ತೊಂದರೆ ಅದರಿಂದ ಬಂದಿದ್ದಲ್ಲ. ಡಾಕ್ಯುಮೆಂಟ್ ನಂಬರು ಒಂದು, ರಿವಿಜನ್ ನಂಬರು ಇನ್ನೊಂದು, ಇವೆರಡನ್ನು ಬೆರೆಸಬೇಡಿ. ನಿಮ್ಮ ಡ್ರೈಯರ್ ಎಸ್‌ಒಪಿ `SOP-DRY-04` ಆಗಿದ್ದರೆ ಹತ್ತು ಸಲ ಬದಲಾದರೂ ಅದು `SOP-DRY-04` ಆಗಿಯೇ ಇರಬೇಕು. ಬದಲಾಗುವುದು ರಿವಿಜನ್ ಮಾತ್ರ. ಒಂದು ಡಾಕ್ಯುಮೆಂಟ್ ಪೂರ್ತಿ ರದ್ದಾದರೆ ಅದರ ನಂಬರನ್ನು ಮತ್ತೆ ಯಾವುದಕ್ಕೂ ಕೊಡಬೇಡಿ, ಅದು ಹಾಗೇ ಖಾಲಿ ಉಳಿಯಲಿ. ಮತ್ತೆ, ಪ್ರತಿ ಪುಟದಲ್ಲೂ ನಂಬರು, ರಿವಿಜನ್, "ಪುಟ 2, ಒಟ್ಟು 3" ಇರಲಿ. ಲ್ಯಾಮಿನೇಷನ್ ಮಾಡಿಸುವಾಗ ಹಾಳೆಗಳು ಬಿಡಿಬಿಡಿ ಆಗುತ್ತವೆ. ರಿವಿಜನ್ ಮೊದಲ ಪುಟದಲ್ಲಿ ಮಾತ್ರ ಇದ್ದರೆ 03ರ ಮೊದಲ ಹಾಳೆ, 02ರ ಎರಡನೇ ಹಾಳೆ ಸೇರಿ ಒಂದೇ ಮೊಳೆಗೆ ನೇತಾಡುತ್ತವೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಸಹಿಯ ಪ್ರಶ್ನೆಗೆ ನೇರ ಉತ್ತರ: ಸ್ಕ್ಯಾನ್ ಮಾಡಿದ ಸಹಿಯ ಚಿತ್ರ ಬೇಡ. ಅದು ಕಂಪ್ಯೂಟರಿನಲ್ಲಿದ್ದರೆ ಯಾರು ಬೇಕಾದರೂ ಯಾವ ಕಾಗದದ ಮೇಲೂ ಅಂಟಿಸಬಹುದು. ಮಾಲೀಕರು ಓದಿ ಒಪ್ಪಿದರು ಅನ್ನುವುದಕ್ಕೆ ಅದು ಸಾಕ್ಷಿ ಆಗಲ್ಲ. ಐಎಸ್‌ಒ 9001:2015ರ 7.5.2 ಓದಿ ನೋಡಿ. ಅಲ್ಲಿ ಕೇಳುವುದು ಪರಿಶೀಲನೆ ಮತ್ತು ಒಪ್ಪಿಗೆ. ಮಸಿಯ ಸಹಿಯೇ ಬೇಕು ಅಂತ ಎಲ್ಲೂ ಇಲ್ಲ. ಆಹಾರ ಸುರಕ್ಷತೆಯ ಐಎಸ್‌ಒ 22000:2018ರಲ್ಲೂ 7.5.2 ಹೀಗೇ ಇದೆ. ಹಾಗಾಗಿ ಮಾಲೀಕರು ತಮ್ಮ ಸ್ವಂತ ಇಮೇಲ್‌ನಿಂದ "`SOP-DRY-04` ರಿವಿಜನ್ 03 ನೋಡಿದ್ದೇನೆ, ಒಪ್ಪಿಗೆ ಇದೆ" ಅಂತ ಬರೆದರೆ ಸಾಕು. ಅವರು ನೋಡಿದ ಪಿಡಿಎಫ್ ಆ ಮೇಲ್‌ನ ಜೊತೆಗೇ ಇರಬೇಕು. ಅದರ ಪ್ರಿಂಟು ತೆಗೆದು ಮಾಸ್ಟರ್ ಕಾಪಿಗೆ ಸೇರಿಸಿ. ನಿಮ್ಮದೇ ಪದ್ಧತಿಯ ಕಾಗದದಲ್ಲಿ ಇದಕ್ಕೆ ಅವಕಾಶ ಇದೆ ಅಂತ ಮೊದಲೇ ಬರೆದಿರಬೇಕು ಅಷ್ಟೇ.

ಇದಕ್ಕಿಂತ ಚಲೋ ದಾರಿ ಇನ್ನೊಂದಿದೆ. ಡ್ರೈಯರ್ ಎಸ್‌ಒಪಿಗೆ ಮಾಲೀಕರ ಒಪ್ಪಿಗೆ ಯಾಕೆ ಬೇಕು? ಮಿಲ್ ಮ್ಯಾನೇಜರ್‌ಗೆ ಆ ಅಧಿಕಾರ ಬರವಣಿಗೆಯಲ್ಲಿ ಕೊಡಿಸಿ. ಒಪ್ಪಿಗೆ ಕೊಡುವವರು ಆ ಕೆಲಸ ಬಲ್ಲವರಾಗಿರಬೇಕು, ಮತ್ತು ಆ ಕಾಗದವನ್ನು ತಾವೇ ಬರೆದವರಾಗಿರಬಾರದು. ಪರಿಶೀಲಿಸಿದವರು ಅನ್ನುವ ಜಾಗದಲ್ಲಿ ಡ್ರೈಯರ್ ಸೂಪರ್‌ವೈಸರ್ ಸಹಿ ಮಾಡಲಿ. ನಾಲ್ಕು ತಾಸು ಭತ್ತ ಇಡಲು ಬಿನ್ ಖಾಲಿ ಸಿಗುತ್ತದಾ ಇಲ್ಲವಾ ಅನ್ನುವುದು ಅವರಿಗೇ ಗೊತ್ತು, ಮಾಲೀಕರಿಗೆ ಅಲ್ಲ. ಸುಗ್ಗಿಯಲ್ಲಿ ಲಾರಿ ಸಾಲು ನಿಂತಾಗ ಬಿನ್ ಸಿಗದೇ ಹೋದರೆ ನಿಮ್ಮ ಹೊಸ ಎಸ್‌ಒಪಿ ಮೊದಲ ದಿನವೇ ಬಿದ್ದುಹೋಗುತ್ತದೆ. ಆಗ ಆಪರೇಟರ್ ಹಳೇ ಕಾಗದಕ್ಕೆ ಮರಳುತ್ತಾನೆ. ನಿಮ್ಮಲ್ಲೂ ಹೀಗೇ ಆಗಿರಬಹುದು, ವಿಚಾರಿಸಿ.

ಸಹಿಯ ಜೊತೆ ತಾರೀಖನ್ನು ಸಹಿ ಮಾಡಿದವರೇ ಕೈಯಲ್ಲಿ ಬರೆಯಬೇಕು. ಹಿಂದಿನ ತಾರೀಖು ಹಾಕಿಸಬೇಡಿ. ಈಗ ಎನ್‌ಸಿ ಬಂದಿದೆ ಅಂತ ಗಾಬರಿಯಲ್ಲಿ ನವೆಂಬರಿನ ತಾರೀಖು ಹಾಕಿ ವಾಪಸಾತಿ ರಿಜಿಸ್ಟರ್ ತುಂಬಿಸುವ ಯೋಚನೆ ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ತಡವಾಗಿ ಮಾಡಿದ್ದು ತಡವಾಗಿ ಅಂತಲೇ ಇರಲಿ.

ಈಗ ಜಾರಿಯ ತಾರೀಖು. ಜನ ಹೆಚ್ಚಾಗಿ ಎಡವುವುದು ಇಲ್ಲೇ. ಒಪ್ಪಿಗೆಯ ತಾರೀಖು, ಜಾರಿಯ ತಾರೀಖು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಸಹಿ ಆಗುತ್ತದೆ, ಕಾಗದದ ಮೇಲೆ ಅವತ್ತಿನಿಂದಲೇ ಜಾರಿ ಅಂತ ಇರುತ್ತದೆ. ರಾತ್ರಿ ಶಿಫ್ಟಿಗೆ ಸುದ್ದಿಯೇ ಗೊತ್ತಿರಲ್ಲ. ಅಂದರೆ ಆ ಕಾಗದ ಹುಟ್ಟಿದ ದಿನವೇ ಅದನ್ನು ಮೀರಿ ಕೆಲಸ ನಡೆಯಿತು ಅಂತಾಯಿತು. ನಡುವೆ ದಿನ ಬಿಡಿ. ನಿಮ್ಮಂಥ ಮಿಲ್‌ಗೆ ಒಂದು ವಾರ ಸಾಕು, ಯಾಕೆಂದರೆ ಒಂದು ವಾರದೊಳಗೆ ಎಲ್ಲಾ ಶಿಫ್ಟಿನವರನ್ನೂ ಕೂರಿಸಿಕೊಂಡು ಹೇಳಲು ಆಗುತ್ತದೆ.

ನಿಮ್ಮ ರಿವಿಜನ್ 03ನ್ನೇ ತೆಗೆದುಕೊಂಡು ಹೇಳುತ್ತೇನೆ. ನವೆಂಬರ್ 3ಕ್ಕೆ ಒಪ್ಪಿಗೆ ಆಯಿತು ಅನ್ನೋಣ. ಜಾರಿ ನವೆಂಬರ್ 10, ಬೆಳಗ್ಗೆ 6ರ ಶಿಫ್ಟಿನಿಂದ. ಬರೀ ತಾರೀಖು ಸಾಲದು, ಗಂಟೆಯೂ ಬೇಕು. ರಾತ್ರಿ ಶಿಫ್ಟು ಎರಡು ತಾರೀಖುಗಳಲ್ಲಿ ಹರಡಿರುತ್ತದೆ. ಇನ್ನೊಂದು ತೊಡಕು ಉಂಟು. 9ರ ರಾತ್ರಿ ಡ್ರೈಯರಿಗೆ ತುಂಬಿದ ಭತ್ತ 10ರ ಬೆಳಗ್ಗೆ ಆರಕ್ಕೆ ಇನ್ನೂ ಒಳಗೇ ಇರುತ್ತದೆ. ಅದಕ್ಕೆ ಯಾವ ರಿವಿಜನ್? ಇದನ್ನು ಆಪರೇಟರ್ ತೀರ್ಮಾನಕ್ಕೆ ಬಿಡಬಾರದು. "ನವೆಂಬರ್ 10ರ ಬೆಳಗ್ಗೆ 6ರ ನಂತರ ಡ್ರೈಯರಿಗೆ ತುಂಬುವ ಬ್ಯಾಚ್‌ಗಳಿಗೆ ಅನ್ವಯ" ಅಂತ ಒಂದು ಸಾಲು ಬರೆದರೆ ಗೊಂದಲ ಮುಗಿಯಿತು.

3ರಿಂದ 9ರವರೆಗೆ ಆಪರೇಟರುಗಳಿಗೆ ಬದಲಾವಣೆ ವಿವರಿಸಿ ಸಹಿ ತಗೊಳ್ಳಿ. ವಿವರಿಸುವಾಗ ಕಾರಣ ಹೇಳಿ. ಬೇಯಿಸಿದ ಭತ್ತದ ತೇವಾಂಶ ಸುಮಾರು 16ಕ್ಕೆ ಇಳಿಯುವವರೆಗೆ ಬಿಸಿಗಾಳಿಯಲ್ಲಿ ಬೇಗ ಒಣಗಿಸಿದರೂ ಕಾಳು ತಡೆದುಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ಹೊರಭಾಗ ಒಣಗಿ, ಒಳಭಾಗ ಹಸಿ ಇದ್ದು, ಕಾಳು ಬಿರಿಯುತ್ತದೆ. ಬಿರಿದ ಕಾಳು ಗಿರಣಿಯಲ್ಲಿ ನುಚ್ಚಾಗುತ್ತದೆ. ಬಿನ್‌ನಲ್ಲಿ ಬಿಟ್ಟರೆ ಒಳಗಿನ ತೇವ ಹೊರಗೆ ಬಂದು ಸಮ ಆಗುತ್ತದೆ. ಇಷ್ಟು ತಿಳಿದವನು ಹಳೇ ಕಾಗದ ಕೈಗೆ ಸಿಕ್ಕರೂ ಇದರಲ್ಲಿ ಏನೋ ಬಿಟ್ಟಿದೆ ಅಂತ ಕೇಳುತ್ತಾನೆ. ರಿವಿಜನ್ ಇತಿಹಾಸದ ಕೋಷ್ಟಕದಲ್ಲೂ ಇದೇ ಬರೆಯಿರಿ: "02ರಿಂದ 03: 16ಕ್ಕೆ ನಿಲ್ಲಿಸಿ ಬಿನ್‌ನಲ್ಲಿ 4 ತಾಸು ಬಿಡುವ ಹಂತ ಸೇರಿಸಿದೆ, ನುಚ್ಚು ಕಡಿಮೆ ಮಾಡಲು." ಸುಮ್ನೆ "ಕೆಲವು ಬದಲಾವಣೆ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

10ರ ಬೆಳಗ್ಗೆ ಐದೂವರೆಗೆ ನೀವೇ ಹೋಗಿ. ಹಳೇದನ್ನು ಮೊದಲೇ ಕಿತ್ತರೆ ರಾತ್ರಿ ಶಿಫ್ಟಿಗೆ ಕಾಗದ ಇರಲ್ಲ. ಹೊಸದನ್ನು ಮೊದಲೇ ಹಚ್ಚಿದರೆ ಎರಡೂ ಒಟ್ಟಿಗೆ ಇರುತ್ತವೆ. ಶಿಫ್ಟ್ ಬದಲಾಗುವ ಆ ಅರ್ಧ ತಾಸಿನಲ್ಲೇ ಅದಲುಬದಲು ಆಗಬೇಕು. ಒಂದು ಚಿಕ್ಕ ಮಾತು: ಕಾಗದವನ್ನು ಡಬಲ್ ಟೇಪ್ ಹಾಕಿ ಪ್ಯಾನಲ್‌ಗೆ ಅಂಟಿಸಬೇಡಿ. ಕೀಳಲು ಬರದೆ ಹಳೇದರ ಮೇಲೇ ಹೊಸದನ್ನು ಅಂಟಿಸುತ್ತಾರೆ. ಧೂಳು, ಬಿಸಿ ತಾಗಿ ನಾಲ್ಕು ದಿನಕ್ಕೆ ಮೇಲಿನದು ಉದುರಿ ಕೆಳಗಿನದು ಮತ್ತೆ ಕಾಣುತ್ತದೆ. ಮೇಲಿಂದ ಕಾಗದ ಇಳಿಸುವಂಥ ಪ್ಲಾಸ್ಟಿಕ್ ಹೋಲ್ಡರ್ ಒಂದನ್ನು ಸ್ಕ್ರೂ ಹಾಕಿ ಕೂರಿಸಿ.

ವಾಪಸ್ ಬಂದ ಪ್ರತಿಗಳನ್ನು ಹರಿದುಹಾಕಿ. ಹಿಂಬದಿ ಖಾಲಿ ಇದೆ ಅಂತ ರಫ್ ಕಾಗದವಾಗಿ ಬಳಸಬೇಡಿ, ಹಾಗೆ ಮಾಡಿದರೆ ಅದು ಮತ್ತೆ ಡ್ರೈಯರ್ ಹತ್ತಿರ ಬರುತ್ತದೆ. ಹಳೇ ಮಾಸ್ಟರ್ ಒಂದನ್ನು ಮಾತ್ರ ಉಳಿಸಿ. ಅದರ ಪ್ರತಿ ಪುಟದ ಮೇಲೂ ಅಡ್ಡಲಾಗಿ "ರದ್ದಾದ ಪ್ರತಿ, ದಾಖಲೆಗಾಗಿ ಮಾತ್ರ" ಅಂತ ಸೀಲು ಹಾಕಿ, ಬೀಗ ಹಾಕುವ ಬೀರುವಿನಲ್ಲಿ ಇಡಿ. ಅದು ಯಾಕೆ ಬೇಕು ಅಂದರೆ, ಅಕ್ಟೋಬರ್‌ನಲ್ಲಿ ಹೋದ ಲಾಟ್ ಬಗ್ಗೆ ಯಾರಾದರೂ ತಕರಾರು ಮಾಡಿದರೆ ಅವತ್ತು ಯಾವ ವಿಧಾನ ಜಾರಿಯಲ್ಲಿತ್ತು ಅಂತ ತೋರಿಸಬೇಕಾಗುತ್ತದೆ. ಕಂಪ್ಯೂಟರಿನಲ್ಲೂ ಹೀಗೇ. ಜಾರಿಯಲ್ಲಿರುವ ಫೋಲ್ಡರಿನಲ್ಲಿ `SOP-DRY-04_R03.pdf` ಒಂದೇ ಇರಲಿ. ಹಳೇದು ಬೇರೆ ಫೋಲ್ಡರಿಗೆ ಹೋಗಲಿ, ಅದನ್ನು ತೆರೆಯುವ ಅನುಮತಿ ನಿಮಗೆ ಮಾತ್ರ ಇರಲಿ. `final`, `final_new` ಅನ್ನುವ ಹೆಸರಿನ ಫೈಲುಗಳಿದ್ದರೆ ಇವತ್ತೇ ತೆಗೆಯಿರಿ.

ಇಲ್ಲಿ ಎಲ್ಲರೂ ಮರೆಯುವ ಒಂದು ವಸ್ತು ಇದೆ, ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಲಾಗ್ ಪುಸ್ತಕ. ಎಸ್‌ಒಪಿ 03ಕ್ಕೆ ಬಂತು. ಆದರೆ ಡ್ರೈಯರ್ ಲಾಗ್ ಪುಸ್ತಕ ಹಳೇದೇ ಇದೆಯಾ ನೋಡಿ. ಹಳೇ ಪುಸ್ತಕದಲ್ಲಿ "ಬಿನ್‌ಗೆ ಹಾಕಿದ ಗಂಟೆ", "ಬಿನ್‌ನಿಂದ ತೆಗೆದ ಗಂಟೆ" ಅನ್ನುವ ಕಾಲಂ ಇರಲ್ಲ. ಕಾಲಂ ಇಲ್ಲದಿದ್ದರೆ ಬರೆಯಲ್ಲ. ಬರೆಯುವುದಿಲ್ಲ ಅಂದರೆ ಮಾಡಿದರೋ ಇಲ್ಲವೋ ನಿಮಗೆ ತಿಳಿಯಲ್ಲ. ಖಾಲಿ ಫಾರಂ ಕೂಡ ಕಂಟ್ರೋಲ್ಡ್ ಡಾಕ್ಯುಮೆಂಟೇ. ಅದಕ್ಕೂ ನಂಬರು, ರಿವಿಜನ್ ಇರಬೇಕು, ಬದಲಾದರೆ ಸ್ಟೋರ್‌ನಲ್ಲಿ ಉಳಿದ ಹಳೇ ಪುಸ್ತಕಗಳನ್ನೂ ವಾಪಸ್ ತೆಗೆಯಬೇಕು. ಇನ್ನೂ ಇಪ್ಪತ್ತು ಪುಸ್ತಕ ಉಳಿದಿವೆ, ದುಡ್ಡು ಹಾಳಾಗುತ್ತದೆ ಅಂತ ಮ್ಯಾನೇಜರ್ ಹೇಳಬಹುದು. ಆಗ ಹೊಸ ಕಾಲಂನ ರಬ್ಬರ್ ಸ್ಟ್ಯಾಂಪ್ ಮಾಡಿಸಿ ಪ್ರತಿ ಹಾಳೆಗೆ ಒತ್ತಿ, ಫಾರಂ ನಂಬರಿನ ಪಕ್ಕ ಹೊಸ ರಿವಿಜನ್ ಹಾಕಿ, ಸಹಿ ಮಾಡಿ. ತುಂಬಿದ ಹಾಳೆಗಳ ಮಾತು ಬೇರೆ. ಅವು ದಾಖಲೆಗಳು. ಹಳೇ ಫಾರಂನಲ್ಲಿ ತುಂಬಿದ್ದು ಹಳೇ ಫಾರಂನಲ್ಲೇ ಇರಬೇಕು, ಅದನ್ನು ಹೊಸದಕ್ಕೆ ನಕಲು ಮಾಡಿಸಲೇಬೇಡಿ.

ಲಾಗ್ ಪುಸ್ತಕ ನಿಮ್ಮ ಎನ್‌ಸಿಯ ಉತ್ತರಕ್ಕೂ ಬೇಕು. ಪ್ಯಾನಲ್‌ನಿಂದ ಹಳೇ ಕಾಗದ ತೆಗೆದೆವು ಅಂತಷ್ಟೇ ಬರೆದರೆ ಆಡಿಟರ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಜಾರಿಯ ದಿನದಿಂದ ಆಡಿಟ್ ದಿನದವರೆಗಿನ ಹಾಳೆಗಳನ್ನು ಮುಂದಿಟ್ಟುಕೊಳ್ಳಿ. ಯಾವ ಬ್ಯಾಚ್ ಮಧ್ಯೆ ನಿಲ್ಲದೆ ನೇರ 14ರ ತೇವಾಂಶದ ತನಕ ಒಣಗಿದೆ ಅನ್ನುವುದು ಗಂಟೆಗಳ ಲೆಕ್ಕದಿಂದ ಗೊತ್ತಾಗುತ್ತದೆ. ಬಿನ್‌ನ ನಾಲ್ಕು ತಾಸು ಅದರಲ್ಲಿ ಇರಲ್ಲ, ಶುರುವಾದ ಹೊತ್ತಿಗೂ ಮುಗಿದ ಹೊತ್ತಿಗೂ ಅಂತರ ಕಡಿಮೆ ಇರುತ್ತದೆ. ಅಂಥ ಬ್ಯಾಚ್‌ಗಳಿಗೆ ಗುರುತು ಹಾಕಿ. ಆಮೇಲೆ ಲ್ಯಾಬ್‌ನ ನುಚ್ಚಿನ ಅಂಕಿ ಪಕ್ಕದಲ್ಲಿ ಬರೆಯಿರಿ. ಗುರುತು ಹಾಕಿದವು ಬಹುತೇಕ ರಾತ್ರಿ ಶಿಫ್ಟಿನವೇ ಆಗಿದ್ದು, ಅವುಗಳಲ್ಲೇ ನುಚ್ಚು ಜಾಸ್ತಿ ಇದ್ದರೆ ಹಳೇ ಕಾಗದ ಎಷ್ಟು ದಿನ, ಎಷ್ಟು ಬ್ಯಾಚ್ ನಡೆಸಿತು ಅನ್ನುವುದು ಕೈಗೆ ಸಿಕ್ಕಿತು. ಆ ಮಾಲು ಇನ್ನೂ ಗೋದಾಮಿನಲ್ಲಿದ್ದರೆ ಬೇರೆ ಇಟ್ಟು ಮತ್ತೆ ಪರೀಕ್ಷೆ ಮಾಡಿಸಿ.

ಕಾರಣ ಬರೆಯುವ ಕಡೆ "ಆಪರೇಟರ್ ನಿರ್ಲಕ್ಷ್ಯ" ಅಂತ ದಯವಿಟ್ಟು ಬರೆಯಬೇಡಿ. ಅವನ ಮುಂದೆ ಒಂದು ಕಾಗದ ಇತ್ತು, ಅದರಂತೆ ನಡೆದ. ನಿಯತ್ತಾಗಿ ಕೆಲಸ ಮಾಡಿದವನ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ. ಹಳೇ ಪ್ರತಿ ವಾಪಸ್ ಬಂದ ಮೇಲೇ ಹೊಸದು ಕೊಡಬೇಕು ಅನ್ನುವ ನಿಯಮ ನಮ್ಮಲ್ಲಿ ಇರಲಿಲ್ಲ, ಪ್ಯಾನಲ್ ಜಾಗ ವಿತರಣೆ ಲಿಸ್ಟ್‌ನಲ್ಲಿ ಇರಲಿಲ್ಲ, ಹೀಗೆ ನಿಜವಾಗಿ ಏನು ಕಂಡಿತೋ ಅದನ್ನೇ ಬರೆಯಿರಿ.

ಆಮೇಲೆ ಉಳಿದ ಕಡೆ ಹುಡುಕಿ. ಇದು ಕಂಪ್ಯೂಟರ್ ಮುಂದೆ ಕುಳಿತು ಆಗುವ ಕೆಲಸವಲ್ಲ. ಮಾಸ್ಟರ್ ಲಿಸ್ಟ್ ಕೈಯಲ್ಲಿ ಹಿಡಿದು, ರಾತ್ರಿ ಶಿಫ್ಟಿನಲ್ಲಿ ಒಮ್ಮೆ ನಡೆದಾಡಿ. ಬಾಯ್ಲರ್ ಮನೆ, ನೆನೆಸುವ ಟ್ಯಾಂಕು, ಡ್ರೈಯರ್, ಲ್ಯಾಬು. ಪ್ಯಾನಲ್ ಬಾಗಿಲುಗಳನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ತೆರೆಸಿ. ಟೇಬಲ್ ಗಾಜಿನ ಕೆಳಗೆ, ಡ್ರಾಯರಿನಲ್ಲಿ, ಗೋಡೆಯ ಕ್ಯಾಲೆಂಡರ್ ಹಿಂದೆ ನೋಡಿ. ಪ್ಯಾನಲ್ ಮೇಲೆ ಮಾರ್ಕರಿನಲ್ಲಿ ಬರೆದ ಅಂಕಿಗಳನ್ನೂ ನೋಡಿ. ಥರ್ಮಾಮೀಟರ್ ಪಕ್ಕ ಯಾರೋ ಒಂದು ಡಿಗ್ರಿ ಬರೆದಿರುತ್ತಾರೆ. ಅದಕ್ಕೆ ನಂಬರಿಲ್ಲ, ಸಹಿ ಇಲ್ಲ, ತಾರೀಖಿಲ್ಲ, ಆದರೆ ಎಲ್ಲರೂ ನೋಡುವುದು ಅದನ್ನೇ. ಆ ಅಂಕಿ ಸರಿ ಇದ್ದು, ಅಲ್ಲಿ ಬೇಕು ಅನ್ನಿಸಿದರೆ ನಂಬರು ಹಾಕಿದ ಲೇಬಲ್ ಮಾಡಿ ಲಿಸ್ಟಿಗೆ ಸೇರಿಸಿ. ಬೇಡವಾದರೆ ಅವತ್ತೇ ಥಿನ್ನರ್ ಹಾಕಿ ಒರೆಸಿ.

ಮೊಬೈಲ್ ಫೋಟೋ ಮಾತ್ರ ಪೂರ್ತಿ ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ. ಶಿಫ್ಟಿನ ವಾಟ್ಸಾಪ್ ಗುಂಪಿನಲ್ಲಿ 02ರ ಫೋಟೋ ಇದ್ದೇ ಇರುತ್ತದೆ. ಕಳಿಸಿ ಹೆಚ್ಚು ದಿನ ಆಗಿದ್ದರೆ ಕಳಿಸಿದವರಿಗೂ ಅದನ್ನು ಎಲ್ಲರ ಫೋನಿನಿಂದ ಅಳಿಸಲು ಬರಲ್ಲ, ಅಷ್ಟರಲ್ಲಿ ಹತ್ತು ಫೋನಿನ ಗ್ಯಾಲರಿಯಲ್ಲೂ ಉಳಿದಿರುತ್ತದೆ. ಇನ್ನುಮುಂದೆ ಎಸ್‌ಒಪಿಯ ಫೋಟೋ ಗುಂಪಿಗೆ ಹಾಕುವುದೇ ಬೇಡ. "ಡ್ರೈಯರ್ ಎಸ್‌ಒಪಿ 03 ಆಗಿದೆ, ಇಂಥ ದಿನ ಬೆಳಗ್ಗೆ 6ರಿಂದ, ಪ್ಯಾನಲ್ ಮೇಲೆ ಕೆಂಪು ಸೀಲಿನ ಕಾಪಿ ನೋಡಿ" ಅಂತ ಸುದ್ದಿ ಮಾತ್ರ ಹಾಕಿ. ಪ್ರತಿ ಪುಟದ ಕೆಳಗೆ "ಕೆಂಪು ಸೀಲು ಇಲ್ಲದ ಪ್ರತಿ ಮತ್ತು ಫೋಟೋ ಬಳಸಬಾರದು" ಅಂತ ಅಚ್ಚು ಹಾಕಿಸಿ.

ಎನ್‌ಸಿ ಉತ್ತರದ ಜೊತೆ ಇಷ್ಟು ಕಳಿಸಿ: ಬದಲಿಸಿದ ವಿತರಣೆ ರಿಜಿಸ್ಟರಿನ ಪ್ರತಿ, ಗುರುತು ಹಾಕಿದ ಬ್ಯಾಚ್‌ಗಳ ಪಟ್ಟಿ, ರಾತ್ರಿ ನಡೆದಾಡಿದಾಗ ಸಿಕ್ಕಿದ್ದರ ಪಟ್ಟಿ. ಸಿಕ್ಕಿದ್ದನ್ನೆಲ್ಲ ಬರೆಯಿರಿ, ಮುಜುಗರ ಬೇಡ. ಮುಂದಿನ ರಿವಿಜನ್ ಜಾರಿಯಾದ ಮೂರನೇ ರಾತ್ರಿ ಮತ್ತೊಮ್ಮೆ ಅದೇ ದಾರಿಯಲ್ಲಿ ನಡೆದು ಬನ್ನಿ. ಆ ಹಾಳೆಯನ್ನೂ ಎನ್‌ಸಿ ಫೈಲಿಗೆ ಸೇರಿಸಿ, ಆಮೇಲೆ ಎನ್‌ಸಿ ಮುಚ್ಚಿ.